ಮೋಟಾರಿನ ಹೊಟ್ಟೆಗೆ ಹಚ್ಚಿದ ಕಾವಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ವರ್ಷ ನಾನು ಒಬ್ಬ ಮಾಸ್ತರನ ಬೆನ್ನು ಹತ್ತಿದ್ದೆ, ಕಳ್ಳನ ಬೆನ್ನು ಪೊಲೀಸರು ಹತ್ತಿದ ಹಾಗೆ. ಎಂಬತ್ತರ ದಶಕದ ನಡುವಿನ ಮಾತು. ಈಗ ಅದನ್ನು ಬರೆಯುತ್ತ ಕೂತರೆ ಅದೇ ಮೊಮ್ಮಗಳು ಬಾಜೂ ಕೂತು ನನ್ನ ಒತ್ತಕ್ಷರ ತಿದ್ದುತ್ತಾಳೆ. ಸಾಲಿಗೆ ನಾನು ಹೋದದ್ದು ಮೂರನೇ ಇಯತ್ತೆವರೆಗೆ, ಅದೂ ಅರ್ಧ ಮರಾಠಿ, ಅರ್ಧ ಕನ್ನಡ. ತಿದ್ದಲಿ ಬಿಡ್ರಿ. ಅವಳು ತಿದ್ದಲಿ ಅಂತಲೇ ಎಷ್ಟೋ ಸಲ ತಪ್ಪು ಬರೆಯುತ್ತೇನೆ, ನನ್ನ ಮುಖದ ಹತ್ತಿರ ಅವಳ ಮುಖ ಬರುತ್ತದಲ್ಲ, ಅದಕ್ಕೆ.

ನಮ್ಮದು ಖಾನಾಪುರದಲ್ಲಿ ಗಡಿಗೆ ಮಾಡುವ ಮನೆ. ಗಡಿಗೆ ಮಾಡುವ ಗಾಲಿಗೆ ನಾವು ತಿಗರಿ ಅನ್ನುತ್ತೇವೆ. ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡದು, ಭಾರ. ಅದರ ತೂತಿಗೆ ಬಡಿಗೆ ಸಿಕ್ಕಿಸಿ, ಎದೆಯ ಶಕ್ತಿಯೆಲ್ಲ ಹಾಕಿ ತಿರುಗಿಸಿ ಬಿಟ್ಟರೆ ಗಿರಗಿರ ತಿರುಗುತ್ತದೆ. ಆ ಓಟ ಸೋಲುವುದರೊಳಗೆ ಮಣ್ಣು ಎಬ್ಬಿಸಬೇಕು. ಸೋತರೆ ಮತ್ತೆ ಬಡಿಗೆ. ಮಣ್ಣು ತರುವಾಗ ಒಮ್ಮೆ ಚಕ್ಕಡಿ ಮಗುಚಿ ನನ್ನ ಬಲಭುಜ ಹೋಯಿತು. ಎಲುಬು ಕೂಡಿತು, ಬಡಿಗೆ ಹಿಡಿಯುವ ಶಕ್ತಿ ಕೂಡಲಿಲ್ಲ. ಬೆರಳು ಚೆನ್ನಾಗಿದ್ದವು, ತಿಗರಿ ತಿರುಗಿಸುವ ಭುಜ ಮಾತ್ರ ಇರಲಿಲ್ಲ. ನನ್ನ ಹೆಂಡತಿಯ ಅಣ್ಣ ಗುಂಜಿ ಹಾದಿಯ ಒಂದು ಹಂಚಿನ ಕಾರಖಾನೆಯಲ್ಲಿ ನನಗೆ ವಾಚಮನ್ ಕೆಲಸ ಹೇಳಿಟ್ಟಿದ್ದ. ದೀಪಾವಳಿಗೆ ಹೂಂ ಅಥವಾ ಊಂಹೂಂ ಹೇಳಬೇಕು. ಹೂಂ ಅಂದರೆ ತಿಗರಿ ಎತ್ತಿ ಹಿತ್ತಲಲ್ಲಿ ಒರಗಿಸುವುದು, ಅಷ್ಟೇ.

ಆ ಹೊತ್ತಿಗೇ ಮಗಳು ಹಡೆಯಲು ಬಂದಳು. ಅವಳ ಗಂಡನ ಮನೆ ಬೆಳಗಾವಿಯ ಹೊರಗೆ ಪೀರನವಾಡಿ. ಹೆಣ್ಣು ಕೂಸು ಹುಟ್ಟಿತು. ಕೆಂಪಗೆ, ಆಗಷ್ಟೇ ಆವಿಗೆಯಿಂದ ತೆಗೆದ ಕುಡಿಕೆಯ ಹಾಗೆ. ನಾನು ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ಬೆಲ್ಲ ಕೊಟ್ಟೆ, ಗುರುತಿಲ್ಲದವರಿಗೂ ಕೊಟ್ಟೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಉಂಟು. ಮೊದಲ ಮೊಮ್ಮಗು ತಾಯಿಯ ಜೊತೆ ಅಪ್ಪನ ಮನೆಗೆ ಹೋಗುವಾಗ ಅಜ್ಜ ತನ್ನ ಕೈಯಿಂದ ಮಾಡಿದ ಸಣ್ಣ ಗಡಿಗೆಗಳ ಒಂದು ಉತರಂಡಿ ಕಟ್ಟಿ ಕಳಿಸಬೇಕು, ಒಂದರ ಮೇಲೆ ಒಂದು ಏರಿಸಿ. ನನಗೆ ನನ್ನ ಅಜ್ಜ ಕಳಿಸಿದ್ದ. ಇವಳಿಗೆ ಯಾರು? ಪೇಟೆಯಿಂದ ಕೊಂಡು ತಂದು ಕಟ್ಟಲೇನು?

ಆಗ ಅಳಿಯ ಒಂದು ಸುದ್ದಿ ತಂದ. ಅವನು ಬೆಳಗಾವಿಯ ಒಂದು ಇಂಜಿನಿಯರಿಂಗ ಕಾಲೇಜಿನ ವರ್ಕಶಾಪಿನಲ್ಲಿ ಲೇಥ್ ಹೊಡೆಯುತ್ತಿದ್ದ. ಅಲ್ಲಿಯ ಒಬ್ಬ ಹುಡುಗ ಮಾಸ್ತರು ಮೋಟಾರಿನ ವೇಗವನ್ನು ಒಂದೇ ಸಮ ಹಿಡಿದಿಡುವ ಪೆಟ್ಟಿಗೆ ಮಾಡುತ್ತಿದ್ದಾರೆ, ದೊಡ್ಡ ಪದವಿಗೆ ಬರೆಯುತ್ತಿದ್ದಾರೆ, ಪೆಟ್ಟಿಗೆಯನ್ನು ನಿಜವಾದ ಕೆಲಸಕ್ಕೆ ಹಚ್ಚಿ ನೋಡಲು ಅವರಿಗೊಬ್ಬ ಗಡಿಗೆ ಮಾಡುವವ ಬೇಕಂತೆ. ಆಮೇಲೆ ಮೋಟಾರು, ಪೆಟ್ಟಿಗೆ ಎಲ್ಲ ಅವನಿಗೇ ಬಿಡುತ್ತಾರಂತೆ.

“ರೊಕ್ಕ ಎಷ್ಟಂತ?” ಅಂದೆ.

“ರೊಕ್ಕ ಬ್ಯಾಡಂತ, ಮಾಮಾ.”

ಸಂಶಯದ ಹುಳ ಹೊಕ್ಕಿದ್ದು ಅಲ್ಲಿಯೇ. ರೊಕ್ಕ ಬೇಡ ಅಂದರೆ ಅವನಿಗೆ ಬೇಕಾದದ್ದಾದರೂ ಏನು?

ನನ್ನನ್ನು ಬೈಯಬೇಡಿ. ನಮ್ಮ ಬಾಜೂ ಮನೆಯ ಮರಾಠಾ ಗೌಡರ ಬಾವಿಯ ಮೋಟಾರನ್ನು ಹಿಂದಿನ ವರ್ಷವೇ ಒಬ್ಬ ರಿಪೇರಿಯವನು ಒಯ್ದಿದ್ದ. ಹೊರಗೆ ಅದೇ ಬಣ್ಣ, ಅದೇ ತಗಡು, ಒಳಗಿನ ಹೊಸ ತಾಮ್ರದ ತಂತಿ ಹೋಗಿ ಹಳೇ ತಂತಿ ಬಂದಿತ್ತು. ಗೌಡರು ಆ ಮೇಲೆ ಮೋಟಾರ ಅಂಬೋ ಶಬ್ದ ಕೇಳಿದರೆ ಸಾಕು, “ಬಘಾ ಹಾಂ, ನೀಟ ಬಘಾ!” ಅನ್ನುತ್ತಿದ್ದರು, ಸರಿಯಾಗಿ ನೋಡಿಕೋ ಅಂತ. ನನಗೂ ಅದೇ ಹೇಳಿದರು.

ಮಾಸ್ತರು ಒಂದು ರವಿವಾರ ಬೆಳಗಾವಿಯಿಂದ ರೈಲಿನಲ್ಲಿ ಬಂದರು. ಸಣಕಲು ಮನುಷ್ಯ, ದಪ್ಪ ಚಸ್ಮಾ, ಸದಾಶಿವನಗರದ ಮನೆಯವರು. ಹೊಸ್ತಿಲು ದಾಟುವಾಗ “ಶರಣ್ರಿ ಕಾಕಾ” ಅಂದರು. ಗೋಣಿಯಲ್ಲಿ ಸುತ್ತಿದ ಮೋಟಾರು, ಒಂದು ತಗಡಿನ ಪೆಟ್ಟಿಗೆ, ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಸಣ್ಣ ಹೊಸ ತಿಗರಿ. ಚೌಕಟ್ಟು ಅಳಿಯನೇ ಮಾಡಿದ್ದ. ಮೋಟಾರಿನ ತಲೆಗೆ ಸೈಕಲ್ ಡೈನಮೋದಂಥದೊಂದು ಕೂತಿತ್ತು. ತಿಗರಿ ಎಷ್ಟು ಜೋರು ತಿರುಗುತ್ತದೆ ಅಂತ ಅದು ಪೆಟ್ಟಿಗೆಗೆ ಹೇಳುತ್ತದಂತೆ. ಪೆಟ್ಟಿಗೆಯ ಮೇಲೆ ಒಂದು ಮೀಟರು, ಅದರ ಗಾಜಿನ ಮೇಲೆ ಕೆಂಪು ಪೆನ್ಸಿಲಿನ ಗೀಟು. ನಮಗೆ ಬೇಕಾದ ವೇಗ ಆ ಗೀಟು.

“ನಾ ಎಷ್ಟು ಮಣ್ಣು ಇಡತೇನಿ, ಎಷ್ಟು ಒತ್ತತೇನಿ ಇದಕ್ಕ ಹೆಂಗ ಗೊತ್ತಾಗತೈತಿ?” ಅಂದೆ. ಸಿಕ್ಕಿಹಾಕಿಸಬೇಕು ಅಂತಲೇ ಕೇಳಿದ್ದು.

“ಗೊತ್ತಾಗೂದಿಲ್ಲ ಕಾಕಾ. ಗೊತ್ತಾಗಬೇಕು ಅಂತನೂ ಇಲ್ಲ. ನೀವು ಭಾಳ ಅಂದ್ರ ಎಷ್ಟು ಜೋರು ಒತ್ತತೀರಿ, ಅದಕ್ಕಿಂತ ಮೋಟಾರದ ಜೋರು ಹೆಚ್ಚಿದ್ರ ಸಾಕು. ಪೆಟಗಿ ನೋಡೂದು ಒಂದ. ವೇಗ ಗೀಟಿನ ಕೆಳಗ ಐತೋ, ಮ್ಯಾಲ ಐತೋ? ಕೆಳಗ ಇದ್ರ ಪೂರಾ ಜೋರು ಮುಂದ ದೂಡತೈತಿ. ಮ್ಯಾಲ ಇದ್ರ ಪೂರಾ ಜೋರು ಹಿಂದ ಜಗ್ಗತೈತಿ. ನಡುವ ಅಂಬೂದಿಲ್ಲ.”

“ಒಂದ ಕೂದಲು ಕೆಳಗಿದ್ರೂ ಪೂರಾ ಜೋರೇನು?”

“ಅರ್ಧ ಕೂದಲಿದ್ರೂ ಪೂರಾ.”

ಕೂತೆ. ಮಣ್ಣಿನ ಮುದ್ದೆ ಇಟ್ಟು ಒತ್ತಿದೆ. ದೇವರಾಣೆ ಹೇಳುತ್ತೇನೆ, ಜೀವನದಲ್ಲಿ ಅಂಥ ತಿಗರಿ ಮುಟ್ಟಿರಲಿಲ್ಲ. ಎಷ್ಟು ಒತ್ತಿದರೂ ಸೋಲಲಿಲ್ಲ. ಸಣ್ಣ ಮುದ್ದೆ ತೆಗೆದು ದೊಡ್ಡದಿಟ್ಟೆ, ಅದೇ ಓಟ. ಮೀಟರಿನ ಸೂಜಿ ಗೀಟಿಗೆ ಅಂಟಿಸಿದ ಹಾಗೆ ನಿಂತಿತ್ತು. ಆದರೆ ಒಂದು ಸದ್ದು. ಜೇನುಹುಳದ ಗೂಡಿಗೆ ಕೈ ಹಾಕಿದ ಹಾಗೆ ಝುಂಯ್ ಅಂತ. ಮೋಟಾರಿಗೂ ತಿಗರಿಗೂ ನಡುವಿನ ಗೇರಿನ ಹಲ್ಲುಗಳು ಕಟಕಟ ಕಡಿಯುತ್ತಿದ್ದವು. ಬೆರಳ ತುದಿಗೆ ನಡುಕ ಬರುತ್ತಿತ್ತು. ತೊಟ್ಟಿಲು ಪಕ್ಕದ ಕೋಣೆಯಲ್ಲೇ ಇತ್ತು, ಕೂಸು ಎದ್ದು ಕಿಟಾರನೆ ಕಿರುಚಿತು.

ಮಾಸ್ತರು ಗಡಿಗೆಯ ಗೋಡೆ ಮುಟ್ಟಿ ನೋಡಿದರು. ಮೈತುಂಬ ಸಣ್ಣ ಸಣ್ಣ ಅಲೆ ಎದ್ದಿದ್ದವು, ಗಾಳಿಗೆ ಕೆರೆಯ ನೀರು ನಡುಗಿದ ಹಾಗೆ. “ಇದರ ರೋಗ ನನಗ ಗೊತ್ತೈತಿ” ಅಂದರು. “ಮುಂದ, ಹಿಂದ, ಮುಂದ, ಹಿಂದ ಅಂತ ಪೆಟಗಿ ಹೊಯ್ದಾಡತೈತಿ. ಗೀಟು ದಾಟಿದ್ದು ಅದಕ್ಕ ತಿಳಿಯೂದ್ರಾಗ ಸೊಲಪ ತಡಾ ಆಗತೈತಿ, ಅಷ್ಟರಾಗ ದಾಟಿ ಆಚಿಗೆ ಹೋಗಿರತೈತಿ. ಭಾಳ ಲಗು ಹೊಯ್ದಾಟ, ಸೂಜಿಗೆ ಹಿಡೀಲಿಕ್ಕೆ ಆಗೂದಿಲ್ಲ. ಅದಕ್ಕ ಸೂಜಿ ಸುಮ್ಮನ ನಿಂತಂಗ ಕಾಣತೈತಿ. ಒಂದು ವಾರ ವಾಪರಸ್ರಿ ಕಾಕಾ, ಬಳಸಿ ನೋಡ್ರಿ. ಎಷ್ಟು ಸವೀತೈತಿ ಅನ್ನೂದನ್ನ ನಾ ಬರಕೋಬೇಕು. ಆಮ್ಯಾಲ ಔಷಧ ಮಾಡೂಣು.”

ಅವರು ಸ್ಟೇಶನ್ನಿಗೆ ಹೋದದ್ದೇ ತಡ, ಗೌಡರು ಗೋಡೆಯಾಚೆಯಿಂದ, “ನೀಟ ಬಘಾ!” ಅಂದರು. ನಾನು ಕೆಳಗೆ ತೂರಿ, ಮೋಟಾರಿನ ಹೊಟ್ಟೆಗೆ, ಯಾರಿಗೂ ಕಾಣದ ಜಾಗದಲ್ಲಿ, ಕಾವಿ ಕಲಸಿ ಹೆಬ್ಬೆರಳಿನಿಂದ ಒಂದು ಗುರುತು ಒತ್ತಿದೆ. ಗಡಿಗೆಗೆ ಕೆಂಪು ಬಳಿಯುತ್ತೇವಲ್ಲ, ಅದೇ ಕಾವಿ. ನಮ್ಮ ಗಡಿಗೆ ಸಂತೆಯಲ್ಲಿ ಬೇರೆಯವರದರ ಜೊತೆ ಕಲೆಯಬಾರದು ಅಂತ ತಳಕ್ಕೆ ಹಾಗೆಯೇ ಹೆಬ್ಬೆರಳು ಒತ್ತುವುದು ನಮ್ಮ ರೂಢಿ. ಇನ್ನು ಮೋಟಾರು ಬದಲಿ ಮಾಡಲಿ ನೋಡೋಣ, ಅಂದುಕೊಂಡೆ.

ಆ ವಾರ ಮಾಡಿದ ಗಡಿಗೆಗಳಲ್ಲಿ ದಪ್ಪನೆಯವು ಉಳಿದವು. ಉತರಂಡಿಗೆ ಬೇಕಾದ ಸಣ್ಣ, ತೆಳ್ಳನೆಯ ಕುಡಿಕೆಗಳು ಮಾತ್ರ ಬಾಯಿ ಕಟ್ಟುವಾಗ ನಡುಗಿ ನಡುಗಿ ಕುಸಿದವು. ಹೆಂಡತಿ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಓಡುವುದು, ನಾನು ಸ್ವಿಚ್ಚು ಆರಿಸುವುದು, ಕೂಸು ಒಳಗೆ ಬರುವುದು, ನಾನು ಮತ್ತೆ ಹಚ್ಚುವುದು, ಹೀಗೇ ವಾರ ಕಳೆಯಿತು. ಮೋಟಾರು ಕೈಯಿಡಲಾಗದಷ್ಟು ಕಾಯುತ್ತಿತ್ತು.

ಮುಂದಿನ ರವಿವಾರ ಮಾಸ್ತರು ಬಂದು ಪೆಟ್ಟಿಗೆ ಬಿಚ್ಚಿದರು. “ಮೋಟಾರನೂ ಒಯ್ಯಬೇಕ್ರಿ. ಒಳಗಿನ ಕಾರ್ಬನ್ನು ಸವದಾವು” ಅಂದರು. ಗೌಡರ ಮೋಟಾರೂ ಹೀಗೆಯೇ ಹೋಗಿತ್ತು. ಗುರುತು ಇದೆಯಲ್ಲ, ಒಯ್ಯಲಿ ಅಂತ ಸುಮ್ಮನಿದ್ದೆ. ಅವರು ಎತ್ತುವಾಗ ಬಗ್ಗಿ ನೋಡಬೇಕಿತ್ತು. ಮನೆಗೆ ಬಂದವರ ಎದುರಿಗೆ ಹೇಗೆ ನೋಡುವುದು?

ಅದರ ಮುಂದಿನ ರವಿವಾರ ಪೆಟ್ಟಿಗೆ, ಮೋಟಾರು ಎರಡೂ ತಿರುಗಿ ಬಂದವು. ಪೆಟ್ಟಿಗೆಗೆ ಒಂದು ಹೊಸ ಗುಂಡಿ ಬಂದಿತ್ತು, ರೇಡಿಯೋದ ಧ್ವನಿ ಏರಿಸುವಂಥದು. ಹಚ್ಚಿದರು. ತಿಗರಿ ತಿರುಗಿತು.

ಸದ್ದಿಲ್ಲ. ಝುಂಯ್ ಇಲ್ಲ, ಕಟಕಟ ಇಲ್ಲ. ಬರೇ ಗಾಳಿಯ ಸುಂಯ್.

ನಾನು ಕೂತು ಒತ್ತಿದೆ. ಒತ್ತಿದ ಕೂಡಲೇ ತಿಳಿಯಿತು. ಇದು ಸೋಲುತ್ತಿತ್ತು! ಬಹಳ ಅಲ್ಲ, ಸ್ವಲ್ಪ. ಸೂಜಿ ಗೀಟಿನಿಂದ ಎರಡು ಕೂದಲು ಕೆಳಗೆ ಇಳಿದು ನಿಂತಿತು. ಕೈ ಬಿಟ್ಟರೆ ಗೀಟಿಗೆ ಹೋಯಿತು, ಒತ್ತಿದರೆ ಮತ್ತೆ ಇಳಿಯಿತು. ಮೊದಲಿನ ಮೋಟಾರು ಹೀಗಿರಲಿಲ್ಲ. ಮಾಸ್ತರು ನೀರು ಕುಡಿಯಲು ಒಳಗೆ ಹೋದರು. ನಾನು ಕೆಳಗೆ ತೂರಿದೆ, ಕೈ ಆಡಿಸಿದೆ.

ಕಾವಿ ಇರಲಿಲ್ಲ.

ಆಗಿನ ನನ್ನ ಸಿಟ್ಟು ಏನು ಹೇಳಲಿ! ಶರಣು ಅಂದ ಬಾಯಿ, ನಮ್ಮ ಮನೆಯ ನೀರು ಕುಡಿಯುವ ಬಾಯಿ! ಗಟ್ಟಿ ಮೋಟಾರು ಒಯ್ದು, ಸಪ್ಪಳ ಮಾಡದ ಬಡಕಲು ಮೋಟಾರು ತಂದು ಕೂರಿಸಿದ್ದಾನೆ. ಇದರ ಮೇಲೆ ನಂಬಿಕೆ ಇಟ್ಟು ನಾನು ದೀಪಾವಳಿಗೆ ಊಂಹೂಂ ಅಂದರೆ, ಆ ವಾಚಮನ್ ಕೆಲಸವೂ ಹೋಗಿ, ತಿಗರಿಯೂ ಹೋಗಿ, ಬೀದಿಗೆ ಬಂದೆ.

“ಸರ, ನನ್ನ ಮೋಟಾರ ಎಲ್ಲೈತಿ?” ಅಂದೆ.

“ಇದ ಅಲ್ಲೇನ್ರಿ ಕಾಕಾ?”

“ಇದಲ್ಲ. ಅದಕ್ಕ ಜೋರಿತ್ತು. ಇದು ಒತ್ತಿದ್ರ ಬಗ್ಗತೈತಿ. ನಾ ಅದರ ಹೊಟ್ಟಿಗೆ ಗುರುತು ಮಾಡಿದ್ದೆ. ಗುರುತಿಲ್ಲ.”

ಮಾಸ್ತರ ಮುಖ ಒಣಗಿದ ಮಣ್ಣಿನ ಹಾಗೆ ಬಿಳಚಿತು. ಆ ಕ್ಷಣಕ್ಕೆ ನನಗೆ ಇನ್ನೂ ಖಾತ್ರಿ ಆಯಿತು, ಸಿಕ್ಕಿಬಿದ್ದ ಕಳ್ಳನ ಮುಖವೇ ಅದು. ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು.

“ಏನ ಗುರುತು ಮಾಡಿದ್ರಿ?”

“ಕಾವೀಲೆ. ಹೆಬ್ಬಟ್ಟು.”

“ಹಸೀ ಕಾವಿ? ಕಬ್ಬಿಣಕ್ಕ?” ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ಹುಟ್ಟಿದಾಗಿಂದ ಮಣ್ಣಾಗ ಬಿದ್ದು ಹೊಳ್ಳ್ಯಾಡೀರಿ. ಸುಡಲಾರದ ಕಾವಿ ಗಡಿಗಿಗೇ ನಿಲ್ಲೂದಿಲ್ಲ, ಉಜ್ಜಿದ್ರ ಉದರತೈತಿ. ಮೊದಲಿನ ವಾರ ಇಡೀ ಮನಿ ಅಲಗ್ಯಾಡಿಸಿಬಿಟ್ಟಿತ್ತದು, ನನ್ನ ಮಾಡದಾಗಿನ ಚಾದ ಬಸಿ ಕಟಗುಡತಿದ್ದವು. ನಿಮ್ಮ ಕಾವಿ ಮಾತ್ರ ಕುಂತಿರಬೇಕಿತ್ತೇನು, ಅಳಿಯಾ ಕುಂತಂಗ?”

ಒಳಗಿನಿಂದ ಮಗಳು ಕಿಸಕ್ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಹೆಂಗಸರ ಮಾತು ಕೇಳಿ ಮೋಟಾರು ಕಳೆದುಕೊಳ್ಳಲೇನು?

ಮಾಸ್ತರು ಚಸ್ಮಾ ತೆಗೆದು ಒರೆಸಿಕೊಂಡರು. “ಕಾಕಾ, ಮತ್ತೊಮ್ಮೆ ಹಚ್ಚರಿ ಗುರುತು. ಹಸೀ ಕಾವೀಲೇ ಹಚ್ಚರಿ. ಈ ಗುಂಡಿ ಪೂರಾ ಹಿಂದ ತಿರುವಿದ್ರ ಪೆಟಗಿ ಮೊದಲಿನಂಗ ಆಗತೈತಿ. ಮೋಟಾರ ಹಿಂಗ ಇರಲಿ, ಬಿಚ್ಚೂದು ಬ್ಯಾಡ. ನೋಡೇಬಿಡೂಣು.”

ಹಚ್ಚಿದೆ. ಅದು ಒಣಗಲಿ ಅಂತ ಬಿಸಿಲಿಗೆ ಕನ್ನಡಿ ಹಿಡಿದು ಬಿಸಿಲನ್ನು ಮೋಟಾರಿನ ಕೆಳಗೆ ಬೀಳಿಸಿದೆವು. ಹೆಂಡತಿ ಕೂಸಿನ ಒಂದು ಬಿಳೀ ದುಪಟಿ ತಂದು ಕೆಳಗೆ ಹಾಸಿದಳು. ಗೌಡರೂ ಗೋಡೆ ಬಳಸಿ ಬಂದು ನಿಂತರು. ಮಾಸ್ತರು ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಸ್ವಿಚ್ಚು ಹಾಕಿದರು.

ಝುಂಯ್!

ಅದೇ ಜೇನುಗೂಡು, ಅದೇ ಕಟಕಟ. ನಾನು ಒತ್ತಿದೆ, ಬಗ್ಗಲಿಲ್ಲ. ಸೂಜಿ ಗೀಟಿಗೆ ಅಂಟಿತು. ಅದೇ ಜೋರು! ನನ್ನ ಕೈಗೆ ಆ ಜೋರಿನ ಗುರುತು ಸಿಕ್ಕಿತು, ಕಣ್ಣಿಗೆ ಬೇಕಾಗಲೇ ಇಲ್ಲ. ಒಂದು ಗಡಿಗೆ ಎಬ್ಬಿಸಿ ಮುಗಿಸುವುದರೊಳಗೆ ದುಪಟಿಯ ಮೇಲೆ ಕೆಂಪು ಪುಡಿ ಬಿತ್ತು, ಕುಂಕುಮ ಚೆಲ್ಲಿದ ಹಾಗೆ. ಕೆಳಗೆ ತೂರಿ ನೋಡಿದರೆ ಹೆಬ್ಬೆರಳಿನ ಅರ್ಧ ಗೆರೆ ಉಳಿದಿತ್ತು, ಕೈ ತಾಗಿದ್ದೇ ಅದೂ ಉದುರಿತು. ಗೌಡರು, “ಅರೇ!” ಅಂದು ಸುಮ್ಮನಾದರು. ಕೂಸು ಮಾತ್ರ ಸುಮ್ಮನಾಗಲಿಲ್ಲ.

ಮತ್ತೆ ಗುರುತು ಹಚ್ಚಿ, ಒಣಗಿಸಿ, ಗುಂಡಿಯನ್ನು ಮುಂದಕ್ಕೆ ತಂದು ಹಚ್ಚಿದರು. ಎರಡು ಗಡಿಗೆ ಎಬ್ಬಿಸಿದೆ. ದುಪಟಿ ಬೆಳ್ಳಗೇ ಇತ್ತು.

ಕಳ್ಳತನದ ಹುಳ ಸತ್ತಿತು. ಆದರೆ ಆ ಎರಡು ಕೂದಲು ಯಾಕೆ ಇಳಿಯುತ್ತದೆ ಅಂಬೋ ಹುಳ ಸಾಯಲಿಲ್ಲ. “ಮೋಟಾರ ಅದ ಐತಿ, ಮತ್ತ ಜೋರು ಎಲ್ಲಿ ಹೋತ್ರಿ?” ಅಂದೆ.

ಮಾಸ್ತರು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಅತ್ತು ದಣಿದ ಕೂಸಿನ ಬೆನ್ನು ತಟ್ಟುತ್ತಿದ್ದಳು. “ಕಾಕು, ಕೂಸು ಒಂದೀಟು ಮಿಸುಕಾಡಿದ್ರ ಏನ ಮಾಡತೀರಿ?”

“ಮೆಲ್ಲಕ ತಟ್ಟತೇನಿ.”

“ಇನ್ನೊಂದೀಟು ಕುಂಯಿಗುಟ್ಟಿದ್ರ?”

“ಇನ್ನೊಂದೀಟು ಜೋರು ತಟ್ಟತೇನಿ.”

“ಕಿರಚಿದ್ರ?”

“ಎತ್ತಿಕೊಂಡು ಹಿತ್ತಲಕ್ಕ ಓಡತೇನಿ, ಇನ್ನೇನು? ನಿಮ್ಮ ಯಂತ್ರದ ಕಾಲಾಗ ವಾರಪೂರ್ತಿ ಅದ ಮಾಡೇನಿ.”

ಮಾಸ್ತರು ನಕ್ಕರು. “ಮೊದಲಿನ ಪೆಟಗಿ ಮಿಸುಕಾಡಿದ್ರೂ ಹಿತ್ತಲಕ್ಕ ಓಡತಿತ್ತು ಕಾಕಾ. ಈಗ ಗೀಟಿನ ಮ್ಯಾಲ ಒಂದೀಟು, ಕೆಳಗ ಒಂದೀಟು ಅಂಚು ಬಿಟ್ಟೇನಿ. ಆ ಅಂಚಿನ ಹೊರಗ ಹೋದ್ರ ಮೊದಲಿನಂಗ ಪೂರಾ ಜೋರು, ಅದರಾಗ ಸಡಲಿಲ್ಲ. ಅಂಚಿನೊಳಗ ಇದ್ರ ಎಷ್ಟು ದೂರ ಸರದೈತೋ ಅಷ್ಟ ತಟ್ಟತೈತಿ. ನೀವು ಒತ್ತಿ ಹಿಡದ್ರ ನಿಮ್ಮ ಕೈಗೆ ಎದುರು ನಿಲ್ಲೂವಷ್ಟು ಜೋರು ಹುಟ್ಟಬೇಕಲ್ಲ, ಅಷ್ಟು ಹುಟ್ಟಲಿಕ್ಕೆ ಅದು ಸೊಲಪ ಕೆಳಗ ಸರೀಲಿಕ್ಕೇ ಬೇಕು. ಆ ಎರಡು ಕೂದಲು ಅಂದ್ರ ಅದ.”

“ನನಗ ಆ ಎರಡು ಕೂದಲೂ ಬ್ಯಾಡ. ಸಪ್ಪಳನೂ ಬ್ಯಾಡ, ಗೀಟಿಗೇ ನಿಲ್ಲಬೇಕು.”

ಅವರು ವಾದ ಮಾಡಲಿಲ್ಲ. “ಅಂಚು ಸಣ್ಣದು ಮಾಡತ ಹೋಗತೇನಿ. ನೀವ ಒತ್ತಿ ಹಿಡೀರಿ, ಸಾಕು ಅನಿಸಿದಾಗ ಹೇಳ್ರಿ” ಅಂದು ಗುಂಡಿಯನ್ನು ತಟಕು ತಟಕು ಹಿಂದಕ್ಕೆ ತಿರುಗಿಸಿದರು. ನಾನು ಮಣ್ಣು ಒತ್ತಿ ಹಿಡಿದು ಸೂಜಿ ನೋಡುತ್ತ ಕೂತೆ. ಎರಡು ಕೂದಲು ಒಂದೂವರೆ ಆಯಿತು, ಒಂದಾಯಿತು. ನನಗೆ ಖುಷಿ. “ಇನ್ನೂ ತಿರುವ್ರಿ!” ಅಂದೆ. ಅರ್ಧ ಕೂದಲು. ಬೆರಳ ತುದಿಗೆ ಇರುವೆ ಹರಿದ ಹಾಗಾಯಿತು. “ಇನ್ನೂ!” ಅಂದೆ. ಗೇರು ಕಡಿಯತೊಡಗಿತು, ಝುಂಯ್ ಎದ್ದಿತು, ಆಗಷ್ಟೇ ಕಣ್ಣು ಮುಚ್ಚಿದ ಕೂಸು ಹೆಂಡತಿಯ ಹೆಗಲ ಮೇಲೆ ತಲೆ ಎತ್ತಿ ತುಟಿ ತಿರುವಿತು.

“ಬಿಡ್ರಿ ಆ ಅರ್ಧ ಕೂದಲು!” ಹೆಂಡತಿ ಒದರಿದಳು. “ನಿಮ್ಮ ತಲ್ಯಾಗ ಇದ್ದಾವೇನು ಕೂದಲು, ಇದಕ್ಕ ಲೆಕ್ಕ ಹಾಕಾಕ ಹೊಂಟೀರಿ?”

ಮಾಸ್ತರು ಗುಂಡಿಯನ್ನು ಮೆಲ್ಲಗೆ ಮುಂದಕ್ಕೆ ತಂದರು. ಕಡಿತ ನಿಂತಿತು, ಝುಂಯ್ ಇಳಿಯಿತು, ಬೆರಳಿನ ಇರುವೆ ಹೋದವು. ಸೂಜಿ ಒಂದು ಕೂದಲಿಗಿಂತ ತುಸು ಕೆಳಗೆ ನಿಂತಿತು. ಕೂಸಿನ ತಲೆ ಹೆಗಲಿಗೆ ಬಿತ್ತು. ನಾನು ಆ ಸೂಜಿಯನ್ನು ಬಹಳ ಹೊತ್ತು ನೋಡಿದೆ. ನಮ್ಮ ದೊಡ್ಡ ತಿಗರಿ ಬಡಿಗೆ ಬಿಟ್ಟ ಗಳಿಗೆಯಿಂದಲೇ ಸೋಲಲು ಸುರುಮಾಡುತ್ತಿತ್ತು, ನಾನು ಹುಡುಗನಿದ್ದಾಗಿನಿಂದ ಅದರ ಸೋಲಿನ ಮೇಲೆಯೇ ಗಡಿಗೆ ಎಬ್ಬಿಸಿದವನು. ಒಂದು ಕೂದಲಿಗೆ ಈಗ ಯಾಕೆ ಇಷ್ಟು ಜಗಳ?

“ಇಲ್ಲೇ ಇರಲಿ” ಅಂದೆ.

ಮಾಸ್ತರು ಗುಂಡಿಯ ಪಕ್ಕ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆದರು. ಅಲೆ ಎದ್ದ ಒಂದು ಗಡಿಗೆ, ನುಣುಪಾದ ಒಂದು ಗಡಿಗೆ ಕೇಳಿಕೊಂಡರು. ತಮ್ಮ ದೊಡ್ಡ ಮಾಸ್ತರರಿಗೆ ತೋರಿಸಬೇಕಂತೆ. ಅವರಿಗೆ ಬೇಕಾದದ್ದು ಇಷ್ಟೇ! ನಾನು ನಾಲ್ಕು ಕೊಟ್ಟೆ. ರೈಲಿನಲ್ಲಿ ಒಡೆದಾವು ಅಂತ ಹೆಂಡತಿ ಹುಲ್ಲು ತುಂಬಿ ಬುಟ್ಟಿ ಕಟ್ಟಿದಳು. ಹೋಗುವಾಗ, “ಸರ, ಸಿಟ್ಟು ಮಾಡಿಕೋಬ್ಯಾಡ್ರಿ” ಅಂದೆ.

“ಏನಿಲ್ಲ ಕಾಕಾ. ಕಾವಿ ಉದರೂದನ್ನ ನಾ ಪುಸ್ತಕದಾಗ ಓದಿರಲಿಲ್ಲ. ಬರಕೊಂಡೇನಿ” ಅಂದರು.

ಅವರು ಓಣಿ ತಿರುಗಿದ ಮೇಲೆ ನಾನು ಉತರಂಡಿಗೆ ಕೂತೆ. ಸಣ್ಣ ಮುದ್ದೆ, ತೆಳ್ಳನೆಯ ಗೋಡೆ, ಎರಡು ಬೆರಳಿನ ಕೆಲಸ. ಬಾಯಿ ಕಟ್ಟುವಾಗ ಉಸಿರು ಹಿಡಿದೆ. ನಡುಗಲಿಲ್ಲ. ಒಂದಾದ ಮೇಲೆ ಒಂದು ಕುಡಿಕೆ ತಿಗರಿಯಿಂದ ಇಳಿದು ಹಲಗೆಯ ಮೇಲೆ ಸಾಲಾಗಿ ಕೂತವು. ಮೊಮ್ಮಗಳು ಪಕ್ಕದ ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದಳು. ತಿಗರಿ ತಿರುಗುತ್ತಿದೆಯೋ ಇಲ್ಲವೋ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನನ್ನ ಕಣ್ಣಿಂದ ನೀರು ಮಣ್ಣಿಗೆ ಬಿತ್ತು. ಆ ನೀರು ಹೆಚ್ಚಾಗಲಿಲ್ಲ, ಮಣ್ಣು ಹದವಾಗಿಯೇ ಇತ್ತು.

ದೀಪಾವಳಿಗೆ ಹೆಂಡತಿಯ ಅಣ್ಣ ಬಂದ. “ಏನ ಮಾಡಿದ್ರಿ, ವಾಚಮನ್ ಕೆಲಸಾ?” ಅಂದ. ನಾನು ಆವಿಗೆಯಿಂದ ಆಗ ತಾನೇ ತೆಗೆದ ಉತರಂಡಿಯ ತುದಿಯ ಕುಡಿಕೆಯನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ತಿರುವಿ ತಳ ನೋಡಿದ. ಕಾವಿಯ ಹೆಬ್ಬೆರಳು ಕೆಂಪಗೆ ಕೂತಿತ್ತು, ಬೆಂಕಿಯಲ್ಲಿ ಬೆಂದದ್ದು. ಉಗುರಿನಿಂದ ಕೆರೆದು ನೋಡಿದ.

“ಹೋಗೂದಿಲ್ಲದು,” ಅಂದಳು ನನ್ನ ಹೆಂಡತಿ. “ಈ ಸಲ ಸುಟ್ಟಾರ.”